ಎಲ್ಲಿಯೂ ಠರಿಲ್ಲ

ಅಪ್ಪ ಕರಾರು ಹಾಕಿದ್ದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು. "ಏಳ ಸಾವಿರ ಪಗಾರ ಬಂದ್ರ ಎರಡ ವರ್ಷ ನಿನ್ನ ಲಗ್ನದ ಮಾತ ತಗಿಯೂದಿಲ್ಲ. ಕಡಿಮಿ ಬಂತಂದ್ರ ನಾ ಹೇಳಿದಂಗ ಕೇಳಬೇಕ." ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಆಗಲಿ ಎಂದೆ. ನಿಪ್ಪಾಣಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ ಮುಗಿಸಿ ಒಂದು ವರ್ಷವಾಗಿತ್ತು. ಹೈಸ್ಕೂಲಿನ ಕಾರಕೂನನಾಗಿದ್ದ ಅಪ್ಪನಿಗೆ ಏಳು ಸಾವಿರ ಅಂದರೆ ಮಗಳನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೆ ನೆಂಟರ ಮುಂದೆ ಹೇಳಿಕೊಳ್ಳಬಹುದಾದ ಮೊತ್ತ.

ಆ ಮೊತ್ತಕ್ಕಿಂತ ಹೆಚ್ಚಿನದು ನನ್ನ ಕೈಗೆ ಬಂದೂ ಆಗಿತ್ತು. ಇಚಲಕರಂಜಿಯ ಬಟ್ಟೆ ಬಣ್ಣ ಹಾಕುವ ಕಾರ್ಖಾನೆಯೊಂದು ಏಳೂವರೆ ಸಾವಿರ ಕೊಡುತ್ತೇವೆಂದು ಪತ್ರ ಕಳಿಸಿತ್ತು. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕು. ಆದರೆ ಎರಡು ಬಸ್ಸು ಬದಲಿಸಬೇಕು, ಪಾಳಿಯ ಕೆಲಸ, ಮನೆ ಮುಟ್ಟುವ ಹೊತ್ತಿಗೆ ಕತ್ತಲು. ಅಪ್ಪ ಪತ್ರವನ್ನು ಎರಡು ಸಲ ಓದಿ "ಅಲ್ಲಿಗಿ ಮಾತ್ರ ಬ್ಯಾಡ" ಎಂದ. ಕೊಗನೊಳ್ಳಿ ದಾಟಿದ ಮೇಲೆ, ಮಹಾರಾಷ್ಟ್ರದ ಗಡಿಯೊಳಗೆ ಹೊಸದಾಗಿ ಎದ್ದಿದ್ದ ಕಾರ್ಖಾನೆಗಳಲ್ಲಿ ಒಂದು ಎರಕದ ಕಾರ್ಖಾನೆ ಇತ್ತು. ಅಲ್ಲಿಗೆ ನಿಪ್ಪಾಣಿಯಿಂದಲೇ ಕಂಪನಿಯ ಬಸ್ಸು. ಪ್ರಯೋಗಶಾಲೆಗೆ ಜನ ಬೇಕೆಂದು ಕರೆದಿದ್ದರು. ಅದಾದರೆ ಅಪ್ಪ ಒಪ್ಪುತ್ತಿದ್ದ. ನನಗೆ ಬೇಕಾದದ್ದು ಇಷ್ಟೇ: ಅಲ್ಲಿಯ ಕೆಲಸ, ಅಪ್ಪ ಹೇಳಿದ ಏಳು ಸಾವಿರ.

ಸಂದರ್ಶನಕ್ಕೆ ನಾನು ಮತ್ತು ನನ್ನ ತರಗತಿಯವನೇ ಆದ ಒಬ್ಬ ಹುಡುಗ ಒಂದೇ ಬಸ್ಸಿನಲ್ಲಿ ಹೋದೆವು. ಕರಗಿದ ಕಬ್ಬಿಣದಲ್ಲಿ ಇಂಗಾಲ ಎಷ್ಟಿದೆ ಎಂದು ನೋಡುವುದು ಹೇಗೆ ಎಂದು ಮುಖ್ಯ ಕೆಮಿಸ್ಟ್ ಕೇಳಿದರು. ಹೇಳಿದೆ, ಅವರು ತಲೆಯಾಡಿಸಿದರು. ಆಮೇಲೆ ಪರ್ಸೊನೆಲ್ ಆಫೀಸರರ ಕೋಣೆ. ಆಳುಗಳನ್ನು ತೆಗೆದುಕೊಳ್ಳುವುದು, ಪಗಾರ ಗೊತ್ತು ಮಾಡುವುದು ಎಲ್ಲ ಅವರ ಕೈಯಲ್ಲಿ. ಒಳ್ಳೆಯ ಮನುಷ್ಯ, ಕುಳಿತುಕೋ ಎಂದು ನೀರು ತರಿಸಿದರು. ಮಾತೆಲ್ಲ ಮರಾಠಿಯಲ್ಲಿ. ಮನೆಯಲ್ಲಿ ಯಾರ್ಯಾರಿದ್ದಾರೆ, ಅಕ್ಕಂದಿರ ಲಗ್ನವಾಯಿತೇ ಎಂದು ಕೇಳಿದರು. ಆಯಿತು ಎಂದೆ. ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು, ಅದಕ್ಕೆ ತಯಾರಾಗಿಯೇ ಬಂದಿದ್ದೆ. ಕೆಲಸ ಕಲಿಸಿದ ಮೇಲೆ ಲಗ್ನವಾಗಿ ಹೋಗುವ ಹುಡುಗಿಯರನ್ನು ಕಾರ್ಖಾನೆಯವರು ತೆಗೆದುಕೊಳ್ಳುವುದಿಲ್ಲ ಎಂದು ಓಣಿಯ ಎಲ್ಲ ಹಿರಿಯರೂ ನನ್ನ ಕಿವಿಯಲ್ಲಿ ಊದಿದ್ದರು.

ಅವರು ಕಾಗದದಿಂದ ತಲೆ ಎತ್ತದೆ ಕೇಳಿದರು: "ದುಸರೀಕಡೆ ಕುಠೇ ಠರಲಂಯ ಕಾ?"

ಬೇರೆ ಕಡೆ ಎಲ್ಲಾದರೂ ನಿಶ್ಚಯವಾಗಿದೆಯೇ ಎಂದು ಅದರ ಅರ್ಥ. 'ಠರಲಂ' ಎಂಬ ಮಾತನ್ನು ನಾನು ಅದುವರೆಗೆ ಕೇಳಿದ್ದು ಹುಡುಗಿಯರ ಲಗ್ನದ ಬಗ್ಗೆ ಮಾತ್ರ. ಅವಳದು ಠರಲಂ, ಇವಳದು ಇನ್ನೂ ಠರಲಂ ನಾಹೀ. ನಾನು ಜೋರಾಗಿಯೇ ಹೇಳಿದೆ, "ನಾಹೀ ಸರ್, ಎಲ್ಲಿಯೂ ಠರಿಲ್ಲ. ಎರಡು ವರ್ಷ ಆ ವಿಚಾರವೇ ಇಲ್ಲ." ಅವರಿಗೆ ಎರಡನೇ ಮಾತು ವಿಚಿತ್ರ ಎನಿಸಿರಬೇಕು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಫಾರ್ಮಿನಲ್ಲಿ ಏನೋ ಬರೆದು, ಐದು ಸಾವಿರದ ಎಂಟುನೂರು ಕೊಡಬಹುದು ಎಂದರು. ಇಚಲಕರಂಜಿಯ ಪತ್ರ ನನ್ನ ತೊಡೆಯ ಮೇಲಿನ ಫೈಲಿನಲ್ಲೇ ಇತ್ತು, ಅದನ್ನು ತೋರಿಸಬಹುದೆಂದು ಹೊಳೆಯಲಿಲ್ಲ. ಏಳು ಬೇಕಿತ್ತು ಸರ್ ಎಂದೆ. "ಹೊಸಬರಿಗೆ ಇಷ್ಟೇ. ಬೇರೆ ಯಾವುದೂ ಇಲ್ಲವಲ್ಲ ನಿನಗೆ" ಎಂದು ನಕ್ಕರು. ಇಲ್ಲದಿರುವುದು ಗಂಡು ಎಂದುಕೊಂಡು ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಹಿಂದಿರುಗುವ ಬಸ್ಸಿನಲ್ಲಿ ಆ ಹುಡುಗ ಕಿಟಕಿಯ ಪಕ್ಕ ಕುಳಿತು ಶೇಂಗಾ ಸುಲಿಯುತ್ತಿದ್ದ. ತನಗೆ ಏಳು ಸಾವಿರ ಎಂದ.

"ಹೆಂಗ?" ಎಂದೆ.

"ಎಲ್ಲಿಯಾದ್ರೂ ಠರಲಂಯ ಕಾ ಅಂತ ಕೇಳಿದ್ರಲ್ಲ. ಹೌದ್ರಿ, ಕೊಲ್ಲಾಪುರದಾಗ ಒಂದ ಐತಿ, ಆರೂವರಿ ಕೊಡ್ತಾರ ಅಂದ್ನಿ. ಪತ್ರ ಬಂದೈತೇನು, ಯಾವತ್ತಿನೊಳಗ ಹೇಳಬೇಕು ಅಂತ ಕೇಳಿದ್ರು. ತೋರಿಸಿದ್ನಿ. ಅದಕ್ಕಿಂತ ಐನೂರ ಹೆಚ್ಚಿಗಿ ಅಂತ ಅವರ ಬರದ್ರು."

"ಅದು ನೌಕರಿದ ಮಾತೇನ?"

ಅವನು ಶೇಂಗಾ ಬಾಯಿಗೆ ಹಾಕುವುದನ್ನು ಬಿಟ್ಟು ನನ್ನನ್ನೇ ನೋಡಿದ. "ಮತ್ತೇನ ಲಗ್ನದ್ದೇನು?" ಎಂದ. ಅವನ ತಪ್ಪೇನೂ ಇರಲಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದ್ದ, ಅಷ್ಟೇ. ಆದರೂ ಅವನ ಮೇಲೆ ಸಿಟ್ಟು ಬಂತು. ಅವನಿಗೆ ಯಾರೂ ಲಗ್ನದ ಪ್ರಶ್ನೆಗೆ ಉತ್ತರ ಕಲಿಸಿ ಕಳಿಸಿರಲಿಲ್ಲ.

ಸೋಮವಾರ ಪತ್ರ ಹಿಡಿದುಕೊಂಡು ಮತ್ತೆ ಹೋದೆ. ಗೇಟಿನಲ್ಲಿ ಒಂದು ತಾಸು ಕುಳಿತ ಮೇಲೆ ಒಳಗೆ ಬಿಟ್ಟರು. ಸರ್, ನಾನು ಬೇರೆಯದು ತಿಳಿದುಕೊಂಡಿದ್ದೆ ಎಂದು ಎಲ್ಲ ಹೇಳಿದೆ. ಅವರು ಪತ್ರದ ತಾರೀಖು ನೋಡಿದರು. ಸಂದರ್ಶನಕ್ಕಿಂತ ಆರು ದಿನ ಹಿಂದಿನದು, ಖೋಟಾ ಅಲ್ಲವೆಂದು ಅವರಿಗೆ ತಿಳಿಯಿತು. ಆದರೂ ಮಡಚಿ ಹಿಂದಕ್ಕೆ ಕೊಟ್ಟರು. "ಅವತ್ತೇ ತೋರಿಸಿದ್ದರೆ ಡೈರೆಕ್ಟರರ ಮುಂದಿಟ್ಟು ಕೇಳುತ್ತಿದ್ದೆ. ಈಗ ಅವರ ಸಹಿ ಆಗಿದೆ. ಬೇರೆ ನೌಕರಿ ಇಲ್ಲ ಎಂದು ನಾನೇ ಬರೆದಿದ್ದೇನೆ. ಇವತ್ತು ಇದೆ ಎಂದರೆ, ಪಗಾರ ಹೆಚ್ಚಿಸಿಕೊಳ್ಳಲು ಹಿಂದಿನ ತಾರೀಖು ಹಾಕಿಸಿ ತಂದಿದ್ದಾಳೆ ಅನ್ನುತ್ತಾರೆ. ಆರು ತಿಂಗಳಾದ ಮೇಲೆ ಕಾಯಂ ಮಾಡುವಾಗ ನೋಡೋಣ. ಇಲ್ಲವಾದರೆ ಅಲ್ಲಿಗೇ ಹೋಗು, ಏಳೂವರೆ ಕಡಿಮೆಯೇನಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಗೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಐದು ಸಾವಿರದ ಎಂಟುನೂರೂ ಹೆಚ್ಚಾಯಿತು ಎನಿಸುತ್ತಿತ್ತೇನೋ.

ಕೆಲಸಕ್ಕೆ ಸೇರಿದೆ. ಕುದಿಯುವ ಕಬ್ಬಿಣದ ಸ್ಯಾಂಪಲ್ಲು ಬಿಲ್ಲೆಯಾಗಿ ನನ್ನ ಮೇಜಿಗೆ ಬರುತ್ತಿತ್ತು, ಉಜ್ಜಿ ಯಂತ್ರಕ್ಕೆ ಕೊಟ್ಟು ಅಂಕಿ ಬರೆಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಅದೇ ಹುಡುಗ, ಅದೇ ಕೆಲಸ. ಒಂದನೇ ತಾರೀಖು ಬಂದರೆ ಮಾತ್ರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೊದಲ ಪಗಾರದ ಲಕೋಟೆ ಕೊಟ್ಟಾಗ ಅಪ್ಪ ಎಣಿಸಲಿಲ್ಲ. "ಮಾತ ನೆನಪೈತಲ್ಲ?" ಎಂದ.

ನಾಲ್ಕನೇ ತಿಂಗಳಿಗೆ ರಾಯಬಾಗದ ಕಡೆಯಿಂದ ಸ್ಥಳ ಬಂತು. ಗಂಡಿನ ಕಡೆಯಿಂದ ಸಂಬಂಧ ಬಂದರೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕಬ್ಬಿನ ಹೊಲ, ಬ್ಯಾಂಕಿನಲ್ಲಿ ನೌಕರಿಯ ಗಂಡು. ಅವನ ತಾಯಿ ಅವಲಕ್ಕಿಯ ತಾಟು ಕೆಳಗಿಟ್ಟು ಕೇಳಿದಳು, "ಬ್ಯಾರೆ ಸ್ಥಳ ಏನರ ನೋಡೀರೇನ್ರಿ?"

ಒಂದೂ ಬಂದಿರಲಿಲ್ಲ. ಅಪ್ಪ ಮೀಸೆ ಒರೆಸಿಕೊಂಡು, ಒಂದಿಷ್ಟೂ ತಡವರಿಸದೆ ಹೇಳಿದ: "ಮೂರ ಬಂದಾವ್ರಿ. ಅಥಣಿದವರು ಭಾಳ ಗಂಟ ಬಿದ್ದಾರ. ಇನ್ನೂ ಮಾತ ಕೊಟ್ಟಿಲ್ಲ."

ನಾನು ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದೆ. ಅಂಥ ಪ್ರಶ್ನೆಗೆ ಏನು ಹೇಳಬೇಕೆಂದು ನಮ್ಮ ಮನೆಯಲ್ಲಿ ಗೊತ್ತಿದ್ದವರು ಇದ್ದರು. ಸಂದರ್ಶನಕ್ಕೆ ಹೊರಡುವಾಗ ಅಪ್ಪ ನನಗೆ ಹೇಳಿದ್ದು ದುಪಟ್ಟಾ ಸರಿಯಾಗಿ ಹೊದ್ದುಕೋ ಎಂದು.

ಆ ತಾಯಿ ನನ್ನ ಕಡೆ ತಿರುಗಿದಳು. "ಲಗ್ನ ಆದಮ್ಯಾಲ ನೌಕರಿ ಬಿಡಬೇಕಾಗತೈತಿ ನೋಡವಾ. ಎಷ್ಟ ಕೊಡ್ತಾರ?"

ಅಪ್ಪನೇ ಹೇಳಿದ. "ಐದ ಸಾವಿರದ ಎಂಟನೂರ್ರಿ."

"ಅಷ್ಟ ಅಲ್ಲೇನ್ರಿ," ಎಂದಳು ಆಕೆ ನಗುತ್ತ, "ಅದನ್ನ ಬಿಡಾಕ ಏನ ಕಷ್ಟ?"