ಮೂರನೇ ಸೆಕೆಂಡಿಗೆ ಎದ್ದುಹೋದವರು

ತಾಂಡ್ಯದ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಕಾಲರ್ ಹೊಲಿದು ಸಾಕಾಗಿ, ನಂಜನಗೂಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಗೆ ತರಗತಿ ಶುರು ಮಾಡಿದೆ. ಸೇರಿದವರು ಇಬ್ಬರು. ಯುಗಾದಿಯೊಳಗೆ ಇನ್ನೂ ಎಂಟು ಜನ ಸೇರದಿದ್ದರೆ ಮತ್ತೆ ಕಾರ್ಖಾನೆಯ ಕಾಲರ್ ಲೈನೇ ಗತಿ. ಹಾಗಾಗಿ ಫೋನಿನಲ್ಲಿ ಒಂದೊಂದು ನಿಮಿಷದ ವಿಡಿಯೊ ಹಾಕೋಣವೆಂದುಕೊಂಡೆ.

ನಮ್ಮ ಯಜಮಾನರಿಗೆ ಇದು ಕಿವಿಗೆ ಬಿದ್ದಿದ್ದೇ ತಡ, ಅಂಗಿ ಬದಲಾಯಿಸಿ ಬಂದು ನಿಂತರು. ಸುತ್ತಮುತ್ತಲಿನ ಸಮಾರಂಭಗಳಿಗೆಲ್ಲ ಅವರೇ ನಿರೂಪಕರು. ವೇದಿಕೆಯ ಮೇಲೆ ಎಷ್ಟು ಕುರ್ಚಿಗಳಿವೆಯೋ ಅಷ್ಟು ವಿಶೇಷಣಗಳು ಅವರ ಜೇಬಿನಲ್ಲಿರುತ್ತವೆ.

"ಮಾತು ನಂಗೆ ಬಿಡು ಕಣೇ. ನೀನು ಕತ್ರಿ ಇಡ್ಕೊ ಸಾಕು."

ಮೊದಲ ವಿಡಿಯೊದಲ್ಲಿ ಅವರು ಕಲಾಭಿಮಾನಿಗಳಿಗೂ ಮಾತೆಯರಿಗೂ ವಂದಿಸಿ, ಸೂಜಿದಾರದ ಮಹಿಮೆ ಹೇಳಿ, ನನ್ನನ್ನು ಪರಿಚಯಿಸುವ ಹೊತ್ತಿಗೆ ಹತ್ತೊಂಬತ್ತು ಸೆಕೆಂಡು. ನಾನು ಹಿಂದೆ ಕತ್ತರಿ ಹಿಡಿದು ಮದುವೆ ಹೆಣ್ಣಿನ ಹಾಗೆ ನಿಂತಿದ್ದೆ.

ಎರಡು ದಿನ ಬಿಟ್ಟು ಅದರ ಗ್ರಾಫ್ ತೆರೆದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ತೋರಿಸುವ ಒಂದು ಗೆರೆ ಅದು. ಮೂರನೇ ಸೆಕೆಂಡಿಗೇ ಅರ್ಧಕ್ಕಿಂತ ಹೆಚ್ಚು ಜನ ಬೆರಳಿನಿಂದ ಮೇಲಕ್ಕೆ ತಳ್ಳಿ ಹೋಗಿದ್ದರು. ನಾನು ಬಟ್ಟೆಗೆ ಕತ್ತರಿ ಹಾಕುವಾಗ ನೋಡುತ್ತಿದ್ದವರು ಬಹುಶಃ ನಮ್ಮ ಅತ್ತಿಗೆ ಮತ್ತು ಅವರ ಮಗಳು. ಸಭಾಂಗಣದಲ್ಲಿ ಊಟದ ಆಸೆಗಾದರೂ ಜನ ಕೂರುತ್ತಾರೆ. ಫೋನಿನಲ್ಲಿ ಯಾರಿಗೇನು ಹಂಗು?

"ಶುರುನಲ್ಲಿ ಬಿಗಿ ಇಲ್ಲ, ಅಷ್ಟೇಯ," ಎಂದರು ಇವರು. ಮರುದಿನ ಅವರದೇ ಬಿಗಿ ಬಂತು: "ಈ ಒಂದು ತಪ್ಪಿನಿಂದ ನಿಮ್ಮ ಮಗಳ ಮದುವೆ ನಿಂತೇ ಹೋಗಬಹುದು!"

ಈ ಸಲ ಗೆರೆ ಎಂಟು ಸೆಕೆಂಡು ಅಲುಗಾಡಲಿಲ್ಲ. ಇವರ ಮೀಸೆ ಮೇಲಕ್ಕೇರಿತು. ನಾನು ಬ್ಲೌಸಿನ ಮಡಿಕೆ, ಅಂದರೆ ಟಕ್, ಹಿಡಿಯುವುದನ್ನು ತೋರಿಸಲು ಶುರು ಮಾಡಿದ ಒಂಬತ್ತನೇ ಸೆಕೆಂಡಿಗೆ ಗೆರೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಮದುವೆ ಎಂದು ಕರೆದು ಟಕ್ ಬಡಿಸಿದರೆ ಯಾರು ಕೂರುತ್ತಾರೆ? ಕೆಳಗೆ ಒಬ್ಬಳು ಬರೆದಿದ್ದಳು: "ಮದ್ವೆ ಏನಾಯ್ತಕ್ಕ?" ನನಗೆ ಮೈಯೆಲ್ಲ ಉರಿಯಿತು.

ಮೂರನೆಯದನ್ನು ಇವರು ಹುಲ್ಲಹಳ್ಳಿಯ ಸನ್ಮಾನಕ್ಕೆ ಹೋಗಿದ್ದಾಗ ಒಬ್ಬಳೇ ಮಾಡಿದೆ. ನಮಸ್ಕಾರವಿಲ್ಲ, ಪರಿಚಯವಿಲ್ಲ. ಮೊದಲ ಸೆಕೆಂಡಿಗೇ ಕೈ ಮೇಲೆತ್ತಿದೆ; ಬ್ಲೌಸ್ ಇಡಿಯಾಗಿ ಮೇಲೆ ಬಂತು. "ಹಿಂಗೆ ಬತ್ತದಾ? ಕಂಕುಳ ಬಿಗಿ ಅಂತ ಇನ್ನೂ ಕೆಳಕ್ಕೆ ಕತ್ತರಿಸಿರ್ತೀರಿ, ಅದಕ್ಕೇಯ." ಆಮೇಲೆ ಕಾಗದದ ಮೇಲೆ ಕಂಕುಳ ಗೆರೆಯನ್ನು ಅರ್ಧ ಇಂಚು ಮೇಲಕ್ಕೆ ಬರೆದೆ. ಹಾಗೆ ಹೊಲಿದದ್ದನ್ನು ತೊಟ್ಟು ಮತ್ತೆ ಕೈ ಎತ್ತಿದೆ, ಬ್ಲೌಸ್ ಕದಲಲಿಲ್ಲ; ಅಲ್ಲಿಗೇ ನಿಲ್ಲಿಸಿದೆ. ಧನ್ಯವಾದ ಹೇಳಲಿಲ್ಲ. ಧನ್ಯವಾದದ ಸದ್ದು ಬಂದರೆ ಜನ ಚಪ್ಪಲಿ ಹುಡುಕುತ್ತಾರೆ. ಕೈ ಎತ್ತುವಲ್ಲಿ ಕೊನೆಯಾದ ವಿಡಿಯೊ ತಾನಾಗಿಯೇ ಕೈ ಎತ್ತುವಲ್ಲಿಂದ ಮತ್ತೆ ಶುರುವಾಗುತ್ತಿದ್ದರಿಂದ ಕೆಲವರು ಅರಿವಿಲ್ಲದೆ ಎರಡನೇ ಸಲವೂ ನೋಡಿದ್ದರು.

ಈ ಸಲ ಗ್ರಾಫಿನ ಗೆರೆ ನಿಧಾನವಾಗಿ ಇಳಿಯಿತು. ಅದು ಇಳಿಯದೆ ಇರುವುದಿಲ್ಲ. ಆದರೆ ಅರ್ಧ ಇಂಚು ಬರೆಯುವ ಕಡೆ ಒಂದು ಉಬ್ಬು. ಜನ ಅಷ್ಟನ್ನೇ ಹಿಂದಕ್ಕೆಳೆದು ಮತ್ತೆ ನೋಡಿದ್ದರು. ಮುಂದಿನ ವಿಡಿಯೊ ಯಾವುದೆಂದು ಆ ಉಬ್ಬೇ ಹೇಳಿತು: ಬರೀ ಕಂಕುಳ ಗೆರೆ, ನಿಧಾನವಾಗಿ. ಒಂದು ವಿಡಿಯೊಗೆ ಒಂದೇ ತೊಂದರೆ, ಅದೂ ಮೊದಲೇ ಕಣ್ಣಿಗೆ ಕಾಣಬೇಕು, ಕರೆದದ್ದನ್ನೇ ಕೊಡಬೇಕು. ಹೀಗೆ ಆರು ಮಾಡಿದೆ. ಯುಗಾದಿಗೆ ಮೊದಲೇ ಟಿ. ನರಸೀಪುರದಿಂದ ಐವರು, ನಮ್ಮೂರಿನವರು ನಾಲ್ವರು ಬಂದು ಸೇರಿದರು. ಕಾಲರ್ ಲೈನ್ ತಪ್ಪಿತು.

ಗೆದ್ದ ಜಂಬ ನನಗೆ. ಮೊದಲ ವಿಡಿಯೊದ ಗೆರೆಯನ್ನು ತರಗತಿಯವರಿಗೆಲ್ಲ ತೋರಿಸಿ, "ನೋಡ್ರಮ್ಮ, ನಮ್ಮ ಯಜಮಾನ್ರು ಬಾಯಿ ತೆಗೆದದ್ದು ಇಲ್ಲಿ," ಎಂದು ನಗಿಸುತ್ತಿದ್ದೆ. ಇವರು ಒಳಗಿದ್ದಾಗಲೂ.

ಒಂದು ಸಂಜೆ ಇವರು ಇನ್ನೊಂದು ಸಮಾರಂಭ ಮುಗಿಸಿ ಹುಲ್ಲಹಳ್ಳಿಯಿಂದ ಬಂದು ಕುರ್ಚಿಯಲ್ಲಿ ಕೂತು ಶುರು ಮಾಡಿದರು. ಬಸ್ಸು ತಡವಾದದ್ದು, ಶಾಮಿಯಾನದ ಬಣ್ಣ, ದೀಪ ಹತ್ತದೆ ಮೂರು ಕಡ್ಡಿ ಗೀರಿದ್ದು. ನಾನು ಕುಕ್ಕರ್ ನೆಪದಲ್ಲಿ ಎದ್ದೆ.

"ಮೂರನೇ ಸೆಕೆಂಡು," ಎಂದರು, ನನ್ನ ಕಡೆ ನೋಡದೆ.

ನಾಚಿಕೆಯಾಗಿ ಕೂತೆ. ಶಾಲುಗಳಾದವು, ಹಾರಗಳಾದವು, ಉಪ್ಪಿಟ್ಟೂ ಆಯಿತು. ಕೊನೆಗೆ ಬಂತು ವಿಷಯ: ಮುಂದಿನ ಕಾರ್ಯಕ್ರಮದಿಂದ ಇವರು ಬೇಡವಂತೆ. ಸ್ವಾಗತವನ್ನು ಎರಡೇ ನಿಮಿಷದಲ್ಲಿ ಮುಗಿಸುವವರು ಸಿಕ್ಕಿದ್ದಾರಂತೆ.

"ಅದನ್ನ ಮೊದಲೇ ಹೇಳಬಾರದಿತ್ತೇನ್ರೀ?"

"ಮೊದಲೇ ಹೇಳೋಕೆ ಆಗೋ ಮಾತಾ ಅದು?" ಎಂದರು.

ಕುಕ್ಕರ್ ಕೂಗುತ್ತಲೇ ಇತ್ತು. ನಾನು ಏಳಲಿಲ್ಲ.