ಮಗಳ ಗೊರಕೆ

ಐದು ವರ್ಷದ ಮಗಳು ರಾತ್ರಿಯಿಡೀ ಬಾಯಿ ತೆರೆದು ಹೊಡೆಯುವ ಗೊರಕೆಗೆ ಹೆದರಿ, ಅವಳನ್ನು ಕರೆದುಕೊಂಡು ಗೋಣಿಬೀಡಿನಿಂದ ಚಿಕ್ಕಮಗಳೂರಿನ ಕಿವಿ-ಮೂಗಿನ ಡಾಕ್ಟರ ಹತ್ತಿರ ಹೋಗಿದ್ದೆ. ಎಕ್ಸ್‌ರೇ ನೋಡಿ, ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಗ್ರಂಥಿ ಊದಿಕೊಂಡಿದೆ ಎಂದರು.

“ಆಪರೇಷನ್ ಮಾಡ್ಲೇಬೇಕಾ ಡಾಕ್ಟ್ರೇ?”

“ಹೇಗೆ ಗೊರಕೆ ಹೊಡೀತಾಳೆ, ಮಾಡಿ ತೋರ್ಸಿ ನೋಡುವ.”

ನಾಚಿಕೆ ಬಿಟ್ಟು ಗೊರಕೆ ಹೊಡೆದೆ. ಮಗಳು ಬಿದ್ದು ಬಿದ್ದು ನಕ್ಕಳು.

“ನಡುವೆ ಉಸಿರು ನಿಲ್ಲುತ್ತಾ? ಬೆಚ್ಚಿ ಏಳ್ತಾಳಾ?”

“ಇಲ್ಲ, ಹೀಗೇ ಒಂದೇ ಸಮ.”

“ಕಿವಿ ಸರಿಯಾಗಿ ಕೇಳ್ಸುತ್ತಾ?”

“ಅಯ್ಯೋ, ಚಾಕ್ಲೇಟಿನ ಕಾಗದ ಬಿಚ್ಚಿದ್ರೆ ಅಂಗಳದಿಂದ ಓಡಿ ಬರ್ತಾಳೆ!”

ಡಾಕ್ಟರಿಗೂ ನಗು ಬಂತು. “ಹಾಗಾದ್ರೆ ಈಗ್ಲೇ ಆಪರೇಷನ್ ಬೇಡ. ಮೂಗಿಗೆ ಸ್ಪ್ರೇ ಹಾಕಿ, ಮೂರು ತಿಂಗಳು ನೋಡುವ. ಬೆಳೀತಾ ಅದು ತಾನೇ ಕುಗ್ಗೋದೂ ಉಂಟು. ಉಸಿರು ನಿಂತ ಹಾಗೆ ಕಂಡ್ರೆ ಮಾತ್ರ ಕಾಯ್ಬೇಡಿ, ತಕ್ಷಣ ಕರ್ಕೊಂಡು ಬನ್ನಿ.”

ಮತ್ತೆ ಹೋಗುವ ಹೊತ್ತಿಗೆ ಗೊರಕೆ ಬಹಳ ಇಳಿದಿತ್ತು. ಆಪರೇಷನ್ನಿನ ಮಾತು ಆಮೇಲೆ ಬರಲೇ ಇಲ್ಲ. ಅವಳು ಬಾಯಿ ಮುಚ್ಚಿ ಮಲಗಿದ್ದನ್ನು ನೋಡುತ್ತಾ ಕೂರುವುದೇ ಆಗ ನನಗೊಂದು ಸುಖವಾಗಿತ್ತು.