ಕಪ್ಪು ತುಂಬಿದ ಅಂಗಳ

ಉಚ್ಚೆಂಗೆಪ್ಪನ ಕೈ ಅಂದರೆ ಕೈ! ಬಳ್ಳಾರಿಯ ನಕ್ಷೆ ಕಚೇರಿಯಲ್ಲಿ ಅವನೆಳೆದ ಗೆರೆಗೆ ಯಾರೂ ತಪ್ಪು ಹಿಡಿದವರಿಲ್ಲ. ಕುರುಗೋಡಿನ ಹೊರಕೇರಿಯಿಂದ ಅಷ್ಟು ದೂರ ಬಂದವನು ಅವನೊಬ್ಬನೇ. ಕಚೇರಿಯ ನೀರಿನ ಕೊಡ ಮುಟ್ಟಲು ಅವನಿಗೆ ಬಿಡುತ್ತಿರಲಿಲ್ಲ, ಅವನು ಬರೆದ ನಕ್ಷೆಯನ್ನು ಮಾತ್ರ ಎಲ್ಲರೂ ಸವರಿ ಸವರಿ ನೋಡುತ್ತಿದ್ದರು. ಎಂಥ ಜನ ನೋಡಿ!

1950ರ ಬೇಸಿಗೆಯಲ್ಲಿ ಅವನ ಮೇಜಿನ ಮೇಲೆ ಬಂದು ಬಿದ್ದದ್ದು ಅವನದೇ ಕೇರಿ. ಸರ್ಕಾರ ಅಲ್ಲಿಗೊಂದು ಶಾಲೆ ಮಂಜೂರು ಮಾಡಿತ್ತು. ಶಾಲೆ ಕೇರಿಯಾಚೆಯ ಬಯಲಿನಲ್ಲಿ, ಪೇಟೆಯಿಂದ ಅಲ್ಲಿಗೊಂದು ನೇರ ರಸ್ತೆ. ಕಚೇರಿಯ ಸಾಹೇಬರು ಪೆನ್ಸಿಲಿನಲ್ಲಿ ಗೆರೆ ಎಳೆದೇ ಬಿಟ್ಟಿದ್ದರು. ಆ ಗೆರೆ ಕೇರಿಯ ಮನೆಗಳ ನಡುವಿನ ಅಂಗಳವನ್ನು ಸೀಳಿಕೊಂಡು ಹೋಗಿತ್ತು.

ಆ ಅಂಗಳದ ಒಂದು ಬದಿಯಲ್ಲಿ ಉಚ್ಚೆಂಗೆಪ್ಪನ ತಾಯಿ ಮಾರೆಮ್ಮನ ಮನೆ. ಅವಳ ಕಾಲುಗಳ ಸ್ವಾಧೀನ ತಪ್ಪಿ ಎಷ್ಟೋ ವರ್ಷವಾಗಿತ್ತು. ಬೆಳಗಾದರೆ ಹೊಸ್ತಿಲಿಗೆ ತೆವಳಿ ಬಂದು ಕೂತಳೆಂದರೆ, ಎದುರು ಬದಿಯ ಹೊಸ್ತಿಲಲ್ಲಿ ಹಂಪಕ್ಕ. ಅವಳಿಗೂ ನಡೆಯಲಾಗದು. ಇಬ್ಬರೂ ಅಂಗಳದ ಮೇಲಿಂದಲೇ ಕೂಗಿಕೊಂಡು ನಗುವರು, ಬೈದಾಡುವರು. ಬಳ್ಳಾರಿಗೆ ಬಾ ಅಂದರೆ ಮಾರೆಮ್ಮ, "ಅಲ್ಲಿ ಯಾರ ಕೂಡ ಮಾತಾಡ್ಲೋ? ನಿನ್ನ ಮನಿ ಗ್ವಾಡಿ ಕೂಡ?" ಅನ್ನುತ್ತಿದ್ದಳು.

ಅವನು ಸಾಹೇಬರ ಮುಂದೆ ನಿಂತ. "ಸಾರ್, ರಸ್ತಾ ಸ್ವಲ್ಪ ಬಳಸಿಕೊಂಡು ಹೋಗ್ಲಿ ಸಾರ್. ಅಂಗಳ ಉಳಿತೈತಿ."

"ಏ, ಅಲ್ಲೇನಿದೆಯಯ್ಯಾ? ಖಾಲಿ ಜಾಗ," ಅಂದರು ಸಾಹೇಬರು.

ಖಾಲಿ! ತಪ್ಪು ಅವರದಷ್ಟೇ ಅಲ್ಲ, ನಕ್ಷೆ ಬರೆಯುವ ಪದ್ಧತಿಯೇ ಹಾಗೆ. ಮನೆಗಳಿಗೆ ಕಪ್ಪು ಶಾಯಿ ತುಂಬುವುದು, ಉಳಿದದ್ದನ್ನು ಬೆಳ್ಳಗೆ ಬಿಡುವುದು. ಕಣ್ಣು ಕಪ್ಪನ್ನು ಹಿಡಿಯುತ್ತದೆ, ಬಿಳಿಯನ್ನು ಹಿನ್ನೆಲೆಯೆಂದು ಬಿಟ್ಟುಬಿಡುತ್ತದೆ. ಉಚ್ಚೆಂಗೆಪ್ಪನಿಗೆ ಒಂದು ಯೋಚನೆ ಹೊಳೆಯಿತು. ಅದೇ ಅಳತೆಯಲ್ಲಿ ಕೇರಿಯನ್ನು ಮತ್ತೆ ಬರೆದು, ಈ ಸಲ ಮನೆಗಳನ್ನು ಬೆಳ್ಳಗೆ ಬಿಟ್ಟು ಅಂಗಳಕ್ಕೂ ಓಣಿಗಳಿಗೂ ಕಪ್ಪು ತುಂಬಿದ. ಅಬ್ಬಾ, ಇಷ್ಟು ದಿನ ಕಾಣದ ಅಂಗಳ ಹಾಳೆಯ ಮೇಲೆ ಎದ್ದು ಕೂತಿತು! ಹೆಚ್ಚುಕಡಿಮೆ ಚೌಕ; ಎಲ್ಲ ಮನೆಗಳ ಬಾಗಿಲೂ ಅದರ ಕಡೆಗೇ. ಮನೆಗಳೇ ಅದಕ್ಕೆ ಅಂಚು ಕಟ್ಟಿದಂತಿದ್ದವು.

ಸಾಹೇಬರು ನೋಡಿದರು. ನೋಡುತ್ತಲೇ ಇದ್ದರು. "ಭೇಷ್! ಎಂಥಾ ಆಕಾರ ಕಣಯ್ಯಾ ಇದು!"

ಉಚ್ಚೆಂಗೆಪ್ಪ ಗೆದ್ದೆ ಅಂದುಕೊಂಡ. ಪಾಪ, ಅವನಿಗೇನು ಗೊತ್ತು!

ಸಾಹೇಬರು ಪೇಟೆಯ ರಸ್ತೆಯ ಮೇಲೆ ಪೆನ್ಸಿಲ್ ಇಟ್ಟು ಅಂಗಳದ ನಡುವಿಗೆ ಎಳೆದು ನಿಲ್ಲಿಸಿದರು. "ನೋಡು, ಇದು ಅಕ್ಷ, ನಡುಗೆರೆ. ಎರಡು ಕಡೆಗೂ ಮನೆಗಳು ಸಮಸಮ. ಇಂಥ ರಸ್ತೆ ಬಯಲಿಗೆ ಹೋಗಿ ಕರಗಬಾರದು, ಕಣ್ಣಿಗೆ ಎದುರಾಗಿ ಏನಾದರೂ ನಿಲ್ಲಬೇಕು. ಶಾಲೆ ಬಯಲಲ್ಲಿ ಬೇಡ. ಇಲ್ಲೇ ನಟ್ಟನಡುವೆ, ಪೇಟೆಗೆ ಮುಖಮಾಡಿ!"

"ಸಾರ್, ಅದು ಖಾಲಿ ಜಾಗ ಅಲ್ರಿ. ಜನ ಅಲ್ಲೇ ಬದುಕ್ತಾರ್ರಿ."

"ಖಾಲಿ ಅಲ್ಲ ಅಂತ ನೀನೇ ತೋರಿಸಿದೆಯಲ್ಲಯ್ಯಾ! ಬರೆ, ಬರೆ."

ಬರೆದ. ಬೇರೆ ಯಾರು ಬರೆಯಬೇಕು? ತಾನೇ ಎದ್ದು ಕಾಣುವಂತೆ ಮಾಡಿದ ಅಂಗಳದೊಳಗೆ ತಾನೇ ಶಾಲೆಯ ಗೋಡೆಗಳನ್ನೆಳೆದ. ಅಕ್ಷದ ಎಡಕ್ಕೊಂದು ಕೋಣೆ, ಬಲಕ್ಕೆ ಅಷ್ಟೇ ಉದ್ದಗಲದ ಇನ್ನೊಂದು, ನಡುವೆ ಬಾಗಿಲು. ಕಾಗದದ ಮೇಲೆ ಅದು ಸುಂದರವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ. ರಾಜೀನಾಮೆ ಕೊಡೋಣವೆಂದುಕೊಂಡ, ತಾಯಿಯ ಔಷಧಿ ನೆನಪಾಗಿ ಸುಮ್ಮನಾದ.

ಕಟ್ಟಡ ಮುಗಿಯುವವರೆಗೆ ಅವನು ಊರಿಗೆ ಕಾಲಿಡಲಿಲ್ಲ, ದುಡ್ಡು ಮಾತ್ರ ಕಳಿಸುತ್ತಿದ್ದ. ಕೊನೆಗೊಮ್ಮೆ ಹೋದಾಗ ಮಾರೆಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಅವಳ ಮುಂದೆ, ಮೂರು ಮಾರು ದೂರಕ್ಕೆ, ಶಾಲೆಯ ಕಿಟಕಿಯಿಲ್ಲದ ಪಕ್ಕದ ಗೋಡೆ. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದವು.

"ಹಂಪಕ್ಕ ಹೆಂಗದಾಳ ಬೇ?"

"ಯಾರಿಗೊತ್ತಪ. ಕರದ್ರ ಕೇಳಲ್ಲ. ಕೇರಿ ಹುಡುಗ್ರನ್ನ ಕಳಿಸಿದ್ರ, ಅದೀನಿ ಅಂತ ಹೇಳಿ ಕಳಿಸ್ತಾಳ." ಮಾರೆಮ್ಮ ಗೋಡೆಯನ್ನೇ ನೋಡುತ್ತ ಕೇಳಿದಳು: "ಸಾಲಿ ಆಗ್ಲಿ, ಬ್ಯಾಡ ಅನ್ನಲ್ಲ. ಆ ಬಯಲಾಗ ಜಾಗ ಇರ್ಲಿಲ್ಲೇನೋ? ಇದನ್ನ ಬರದವ್ಗ ಅವ್ವ ಇರ್ಲಿಲ್ಲೇನು?"

ಉಚ್ಚೆಂಗೆಪ್ಪ ಅವಳ ಸತ್ತ ಕಾಲುಗಳ ಹತ್ತಿರ ಕುಸಿದು ಕೂತ. "ನಾನ ಬರದೆ ಬೇ," ಅಂದ. ಅಂಗಳ ಉಳಿಸಲು ಹೋಗಿದ್ದೆ ಎಂದು ಹೇಳಬೇಕೆಂದಿದ್ದವನು ತಲೆ ತಗ್ಗಿಸಿ ಅವಳ ಪಾದ ಹಿಡಿದುಕೊಂಡ.

ಮಾರೆಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು.

"ಗ್ವಾಡಿ ನೆಟ್ಟಗ ಬಂದೈತಿ ಬಿಡಪ," ಅಂದಳು.